ಇದಕ್ಕಿಂತ ಅದು ದೊಡ್ಡದು: ಇಂಗ್ಲಿಷಿನಲ್ಲಿ ಹೋಲಿಸಿ ಹೇಳುವ ಬಗೆ

‘ನನಗಿಂತ ಅಕ್ಕ ಎತ್ತರ.’ ಈ ಪುಟ್ಟ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟ ಕನ್ನಡಿಗರ ಬಾಯಲ್ಲಿ ಮೊದಮೊದಲು ಎರಡು ಬಗೆಯ ತಪ್ಪು ಬರುತ್ತದೆ. ಒಂದು, ‘ಮೈ ಸಿಸ್ಟರ್ ಈಸ್ ಟಾಲ್ ದ್ಯಾನ್ ಮಿ’. ಇನ್ನೊಂದು, ‘ಮೈ ಸಿಸ್ಟರ್ ಈಸ್ ಮೋರ್ ಟಾಲರ್ ದ್ಯಾನ್ ಮಿ’. ಮೊದಲನೆಯದರಲ್ಲಿ ಒಂದು ಗುರುತು ಕಡಿಮೆ ಬಿದ್ದಿದೆ, ಎರಡನೆಯದರಲ್ಲಿ ಒಂದು ಹೆಚ್ಚಾಗಿದೆ. ಸರಿಯಾದದ್ದು ‘ಮೈ ಸಿಸ್ಟರ್ ಈಸ್ ಟಾಲರ್ ದ್ಯಾನ್ ಮಿ’. ಎರಡೂ ತಪ್ಪು ಹುಟ್ಟುವುದು ಅಜಾಗರೂಕತೆಯಿಂದಲ್ಲ, ಕನ್ನಡದ ಅಭ್ಯಾಸದಿಂದ. ಆ ಅಭ್ಯಾಸ ಯಾವುದೆಂದು ಒಮ್ಮೆ ಕಂಡುಕೊಂಡರೆ ಇಂಗ್ಲಿಷಿನ ಹೋಲಿಕೆಯ ನಿಯಮಗಳಲ್ಲಿ ಬಾಯಿಪಾಠ ಮಾಡಬೇಕಾದದ್ದು ಬಹಳ ಉಳಿಯುವುದಿಲ್ಲ.

ಕನ್ನಡದಲ್ಲಿ ‘ಎತ್ತರ’ ಎಂಬ ಪದ ಎಂದೂ ಬದಲಾಗುವುದಿಲ್ಲ. ಅಕ್ಕ ಎತ್ತರ, ನನಗಿಂತ ಅಕ್ಕ ಎತ್ತರ, ಮನೆಯಲ್ಲಿ ಎಲ್ಲರಿಗಿಂತ ಅಕ್ಕ ಎತ್ತರ. ಮೂರರಲ್ಲೂ ಅದೇ ‘ಎತ್ತರ’. ಹೋಲಿಕೆಯ ಗುರುತು ಬೀಳುವುದು ಯಾರೊಂದಿಗೆ ಹೋಲಿಸುತ್ತೇವೋ ಅವರ ಮೇಲೆ: ನನಗೆ ಎಂಬುದು ನನಗಿಂತ ಆಗುತ್ತದೆ, ಅದಕ್ಕೆ ಎಂಬುದು ಅದಕ್ಕಿಂತ ಆಗುತ್ತದೆ. ಎಷ್ಟೋ ಸಲ ಆ ಗುರುತೂ ಬೇಕಾಗುವುದಿಲ್ಲ. ‘ಇಬ್ಬರಲ್ಲಿ ಯಾರು ಎತ್ತರ?’ ಎಂದು ಕೇಳುತ್ತೇವೆ, ‘ಅಕ್ಕನೇ ಎತ್ತರ’ ಎಂದು ಉತ್ತರಿಸುತ್ತೇವೆ. ಹೋಲಿಕೆ ಇದೆ ಎಂದು ಸಂದರ್ಭವೇ ಹೇಳಿಬಿಡುತ್ತದೆ.

ಇಂಗ್ಲಿಷ್ ಗುರುತನ್ನು ಗುಣದ ಮೇಲೆ ಹಾಕುತ್ತದೆ. ‘ಟಾಲ್’ ಹೋಗಿ ‘ಟಾಲರ್’ ಆಗಬೇಕು. ಯಾರಿಗಿಂತ ಎಂದು ಹೇಳುವುದಾದರೆ ಅವರ ಹಿಂದೆ ‘ದ್ಯಾನ್’ ಬರಬೇಕು. ಯಾರಿಗಿಂತ ಎಂದು ಹೇಳದಿದ್ದರೆ ‘ದ್ಯಾನ್’ ಬಿಡಬಹುದು, ‘ಅರ್’ ಮಾತ್ರ ಬಿಡುವಂತಿಲ್ಲ. ‘ಹೂ ಈಸ್ ಟಾಲರ್?’ ಎಂದೇ ಕೇಳಬೇಕು. ಕನ್ನಡಿಗರಿಗೆ ‘ದ್ಯಾನ್’ ಬೇಗ ನೆನಪಾಗುತ್ತದೆ, ಏಕೆಂದರೆ ಅದು ‘ಗಿಂತ’ದ ಜಾಗಕ್ಕೆ ಬಂದು ಕೂರುತ್ತದೆ. ‘ಅರ್’ಗೆ ಸಮನಾದದ್ದು ಕನ್ನಡದಲ್ಲಿ ಇಲ್ಲ, ಆದ್ದರಿಂದ ಅದೇ ಮರೆತುಹೋಗುತ್ತದೆ.

ಇದರ ಜೊತೆಗೇ ಪದಗಳ ಅನುಕ್ರಮವನ್ನೂ ನೋಡಬೇಕು. ‘ಗಿಂತ’ ನಾಮಪದಕ್ಕೆ ಅಂಟಿಕೊಂಡಿರುವುದರಿಂದ ಕನ್ನಡದಲ್ಲಿ ‘ನನಗಿಂತ ಅಕ್ಕ ಎತ್ತರ’ ಎಂದರೂ ಒಂದೇ, ‘ಅಕ್ಕ ನನಗಿಂತ ಎತ್ತರ’ ಎಂದರೂ ಒಂದೇ. ಇಂಗ್ಲಿಷಿನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಯಾರ ಬಗ್ಗೆ ಮಾತೋ ಅವರು ಮೊದಲು, ನಂತರ ‘ಈಸ್’, ನಂತರ ‘ಅರ್’ ಹಚ್ಚಿದ ಗುಣ, ನಂತರ ‘ದ್ಯಾನ್’, ಕೊನೆಗೆ ಇನ್ನೊಬ್ಬರು. ಆದ್ದರಿಂದ ಕನ್ನಡದ ವಾಕ್ಯ ಮನಸ್ಸಿಗೆ ಬಂದಾಗ ‘ಗಿಂತ’ ಅಂಟಿದ ಪದವನ್ನು ಎತ್ತಿ ವಾಕ್ಯದ ತುದಿಗೆ ಕಳುಹಿಸಿಬಿಡಬೇಕು. ಮೊದಲ ಕೆಲವು ದಿನ ಇದನ್ನು ಬೇಕೆಂದೇ ಮಾಡಬೇಕಾಗುತ್ತದೆ, ಆಮೇಲೆ ತಾನಾಗಿ ಬರುತ್ತದೆ.

ನಾಲ್ಕು ಮೂರ್ತಿಗಳು

ಅಭ್ಯಾಸಕ್ಕೆ ಸತ್ಯ ಸಂಗತಿ ಇಟ್ಟುಕೊಳ್ಳುವುದು ಒಳ್ಳೆಯದು. ಪಾಠಪುಸ್ತಕದ ಹೆಸರುಗಳಲ್ಲಿ ಯಾರು ಎತ್ತರ, ಯಾರು ಕುಳ್ಳು ಎಂಬುದು ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ತಪ್ಪು ಹೇಳಿದರೂ ಎಲ್ಲಿಯೂ ತಡವರಿಸುವುದಿಲ್ಲ. ನಮ್ಮ ಬಾಹುಬಲಿ ಮೂರ್ತಿಗಳನ್ನೇ ತೆಗೆದುಕೊಳ್ಳೋಣ. ಶ್ರವಣಬೆಳಗೊಳದ್ದು ಹತ್ತನೇ ಶತಮಾನದ ಕೊನೆಯಲ್ಲಿ ಚಾವುಂಡರಾಯ ಮಾಡಿಸಿದ್ದು, ಎತ್ತರ ಸುಮಾರು 57 ಅಡಿ. ಕಾರ್ಕಳದ್ದು 1432ರದು, ಸುಮಾರು 42 ಅಡಿ. ವೇಣೂರಿನದು 1604ರದು, ಸುಮಾರು 35 ಅಡಿ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠಾಪನೆಯಾದದ್ದು ಸುಮಾರು 39 ಅಡಿ. ಈಗ ನಮ್ಮ ಬಳಿ ಎರಡು ಗುಣಗಳಿವೆ: ಎತ್ತರ, ಅಂದರೆ ‘ಟಾಲ್’, ಮತ್ತು ಹಳತು, ಅಂದರೆ ‘ಓಲ್ಡ್’.

‘ಕಾರ್ಕಳದ ಮೂರ್ತಿಗಿಂತ ಬೆಳಗೊಳದ್ದು ಎತ್ತರ.’ ‘ಗಿಂತ’ ಅಂಟಿದ ಕಾರ್ಕಳ ತುದಿಗೆ ಹೋಗುತ್ತದೆ: ‘ದ ಬೆಳಗೊಳ ಸ್ಟ್ಯಾಚ್ಯೂ ಈಸ್ ಟಾಲರ್ ದ್ಯಾನ್ ದ ಕಾರ್ಕಳ ಸ್ಟ್ಯಾಚ್ಯೂ.’ ಕನ್ನಡದಲ್ಲಿ ‘ಮೂರ್ತಿ’ ಎಂದು ಎರಡು ಸಲ ಹೇಳದೆ ‘ಬೆಳಗೊಳದ್ದು’ ಎಂದೆವಲ್ಲ, ಆ ‘ಅದು’ವಿನ ಕೆಲಸವನ್ನು ಇಂಗ್ಲಿಷಿನಲ್ಲಿ ‘ವನ್’ ಮಾಡುತ್ತದೆ: ‘ಟಾಲರ್ ದ್ಯಾನ್ ದ ಕಾರ್ಕಳ ವನ್.’ ಮಾತಿನಲ್ಲಿ ಇದೇ ಹೆಚ್ಚು ಸಹಜ.

‘ವೇಣೂರಿನದಕ್ಕಿಂತ ಕಾರ್ಕಳದ್ದು ಹಳತು’ ಎನ್ನಲು ‘ದ ಕಾರ್ಕಳ ಸ್ಟ್ಯಾಚ್ಯೂ ಈಸ್ ಓಲ್ಡರ್ ದ್ಯಾನ್ ದ ವೇಣೂರು ವನ್’. ‘ಕಾರ್ಕಳದಷ್ಟು ಧರ್ಮಸ್ಥಳದ್ದು ಎತ್ತರವಿಲ್ಲ’ ಎನ್ನಬೇಕಾದರೆ? ಕನ್ನಡದ ‘ಅಷ್ಟು... ಇಲ್ಲ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ನಾಟ್ ಆಸ್... ಆಸ್’ ಇದೆ: ‘ದ ಧರ್ಮಸ್ಥಳ ಸ್ಟ್ಯಾಚ್ಯೂ ಈಸ್ ನಾಟ್ ಆಸ್ ಟಾಲ್ ಆಸ್ ದ ಕಾರ್ಕಳ ವನ್.’ ಇಲ್ಲಿ ‘ಟಾಲ್’ ಹಾಗೇ ಉಳಿಯುತ್ತದೆ, ‘ಅರ್’ ಬರುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಈ ವಾಕ್ಯ ಬಹಳ ಉಪಕಾರಿ. ‘ಅರ್’ ಹಚ್ಚಬೇಕೋ ‘ಮೋರ್’ ಹಾಕಬೇಕೋ ಎಂಬ ಸಂಶಯ ಬಂದಾಗ ಮಾತನ್ನು ತಿರುಗಿಸಿ ಹೀಗೆ ಹೇಳಿದರೆ ತಪ್ಪಿಗೆ ಜಾಗವೇ ಇರುವುದಿಲ್ಲ.

ಇನ್ನು ಎಷ್ಟು ಎತ್ತರ ಎಂಬುದು. ‘ಹದಿನೈದು ಅಡಿ ಎತ್ತರ’ ಎಂಬಂತೆಯೇ ಅಳತೆಯನ್ನು ಗುಣದ ಹಿಂದೆ ಇಟ್ಟರಾಯಿತು: ‘ಫಿಫ್ಟೀನ್ ಫೀಟ್ ಟಾಲರ್.’ ಅಳತೆ ಗೊತ್ತಿಲ್ಲ, ಬರೀ ‘ತುಂಬಾ ಎತ್ತರ’ ಎನ್ನಬೇಕು ಎಂದರೆ ಅಲ್ಲೊಂದು ಎಡವುವ ಜಾಗ ಇದೆ. ಕನ್ನಡದ ‘ತುಂಬಾ’ ಎರಡೂ ಕಡೆ ನಡೆಯುತ್ತದೆ: ‘ಅದು ತುಂಬಾ ಎತ್ತರ’, ‘ಇದಕ್ಕಿಂತ ಅದು ತುಂಬಾ ಎತ್ತರ’. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ವೆರಿ ಟಾಲ್’, ಎರಡನೆಯದಕ್ಕೆ ‘ಮಚ್ ಟಾಲರ್’. ‘ವೆರಿ ಟಾಲರ್’ ಎಂಬುದು ಇಲ್ಲವೇ ಇಲ್ಲ. ‘ಸ್ವಲ್ಪ ಎತ್ತರ’ ಎನ್ನಲು ‘ಅ ಲಿಟ್ಲ್ ಟಾಲರ್’. ‘ಇನ್ನೂ ಎತ್ತರ’ ಎನ್ನಲು ‘ಈವನ್ ಟಾಲರ್’. ‘ಮೋರ್ ಟಾಲರ್’ ಎಂಬ ತಪ್ಪು ಹುಟ್ಟುವುದು ಬಹುತೇಕ ಇಲ್ಲೇ. ‘ಇನ್ನೂ’, ‘ಹೆಚ್ಚು’ ಎಂದು ಒತ್ತಿ ಹೇಳುವ ಆಸೆಗೆ ‘ಮೋರ್’ ಕೈಗೆ ಸಿಗುತ್ತದೆ. ಒತ್ತಿ ಹೇಳಬೇಕಾದ ಕಡೆ ‘ಮಚ್’ ಅಥವಾ ‘ಈವನ್’ ಹಾಕಿದರೆ ಆ ತಪ್ಪು ನಿಲ್ಲುತ್ತದೆ.

‘ಅರ್’ ಯಾವಾಗ, ‘ಮೋರ್’ ಯಾವಾಗ

ಇಂಗ್ಲಿಷಿನಲ್ಲಿ ಗುಣವನ್ನು ಏರಿಸುವ ದಾರಿ ಎರಡು. ಪದದ ಕೊನೆಗೆ ‘ಅರ್’ ಹಚ್ಚುವುದು, ಅಥವಾ ಪದವನ್ನು ಮುಟ್ಟದೆ ಅದರ ಹಿಂದೆ ‘ಮೋರ್’ ಇಡುವುದು. ಒಂದು ಪದಕ್ಕೆ ಇವೆರಡರಲ್ಲಿ ಒಂದೇ, ಎರಡೂ ಒಟ್ಟಿಗೆ ಎಂದೂ ಇಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿ ಎರಡನ್ನೂ ಒಟ್ಟಿಗೆ ಬಳಸುವುದು ರೂಢಿಯಲ್ಲಿತ್ತು, ಅವನ ನಾಟಕಗಳಲ್ಲೂ ಅಂಥವು ಸಿಗುತ್ತವೆ. ಇಂದಿನ ಬರಹದಲ್ಲಿ ಅದು ತಪ್ಪೇ.

ಯಾವ ಪದಕ್ಕೆ ಯಾವ ದಾರಿ ಎಂಬುದು ಪದದ ಉದ್ದದ ಮೇಲೆ ನಿಂತಿದೆ. ಹೇಳುವಾಗ ಒಂದೇ ಸ್ವರ ಕೇಳಿಸುವ ಪದಕ್ಕೆ ‘ಅರ್’: ಟಾಲ್, ಓಲ್ಡ್, ಸ್ಮಾಲ್, ಚೀಪ್, ಕೋಲ್ಡ್. ಮೂರು ಅಥವಾ ಹೆಚ್ಚು ಸ್ವರ ಇರುವ ಪದಕ್ಕೆ ‘ಮೋರ್’: ಬ್ಯೂಟಿಫುಲ್, ಎಕ್ಸ್‌ಪೆನ್ಸಿವ್, ಇಂಪಾರ್ಟೆಂಟ್. ಎರಡು ಸ್ವರದ ಪದಗಳಲ್ಲಿ ವೈ ಅಕ್ಷರದಲ್ಲಿ ಮುಗಿಯುವ ಹ್ಯಾಪಿ, ಈಸಿ, ಹೆವಿ, ಬಿಜಿ ಇಂಥವಕ್ಕೆ ‘ಅರ್’: ಹ್ಯಾಪಿಯರ್, ಈಸಿಯರ್. ಎರಡು ಸ್ವರದ ಉಳಿದವು ಹೆಚ್ಚಾಗಿ ‘ಮೋರ್’ ಕಡೆಗೇ: ಮೋರ್ ಫೇಮಸ್, ಮೋರ್ ಮಾಡರ್ನ್, ಮೋರ್ ಕೇರ್‌ಫುಲ್. ಸಿಂಪ್ಲರ್, ನ್ಯಾರೋವರ್, ಕ್ಲೆವರರ್ ಇಂಥ ಕೆಲವು ಇದಕ್ಕೆ ಹೊರತು.

ಎಣಿಸುವಾಗ ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿ ಒಂದಿದೆ. ವ್ಯಂಜನದಲ್ಲಿ ಮುಗಿಯುವ ಪದ ನಮ್ಮ ನಾಲಿಗೆಗೆ ಹಿಡಿಸುವುದಿಲ್ಲ. ಬಸ್ ಎಂಬುದು ಬಸ್ಸು ಆಗುತ್ತದೆ, ಕಾರ್ ಎಂಬುದು ಕಾರು ಆಗುತ್ತದೆ. ಹಾಗೆಯೇ ‘ಬಿಗ್’ ಎಂಬುದು ‘ಬಿಗ್ಗು’ ಆಗಿ, ‘ಸ್ಮಾಲ್’ ಎಂಬುದು ‘ಸ್ಮಾಲು’ ಆಗಿ ಕೇಳಿಸಿದರೆ ಸ್ವರ ಎರಡು ಎಂದು ಅನ್ನಿಸಿ ‘ಮೋರ್ ಬಿಗ್’ ಎಂದು ಹೇಳಿಬಿಡುವ ಸಾಧ್ಯತೆ ಇದೆ. ಕೊನೆಯಲ್ಲಿ ನಾವು ಸೇರಿಸಿದ ‘ಉ’ವನ್ನು ಲೆಕ್ಕಕ್ಕೆ ಹಿಡಿಯಬಾರದು. ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡು ಪದವನ್ನು ಹೇಳಿ ನೋಡಿ. ಗಲ್ಲ ಎಷ್ಟು ಸಲ ಕೆಳಗಿಳಿಯುತ್ತದೋ ಹೆಚ್ಚುಕಡಿಮೆ ಅಷ್ಟು ಸ್ವರ. ‘ಟಾಲ್’ಗೆ ಒಂದು ಸಲ, ‘ಹ್ಯಾಪಿ’ಗೆ ಎರಡು ಸಲ, ‘ಬ್ಯೂಟಿಫುಲ್’ಗೆ ಮೂರು ಸಲ.

ಉದ್ದದ ಲೆಕ್ಕಕ್ಕೆ ಬಗ್ಗದ ಒಂದು ಗುಂಪನ್ನೂ ಹೇಳಿಬಿಡಬೇಕು. ಕ್ರಿಯಾಪದದಿಂದ ಹುಟ್ಟಿದ ಟೈರ್ಡ್, ಬೋರ್ಡ್, ವರೀಡ್ ಇಂಥ ಪದಗಳು ಚಿಕ್ಕವಾದರೂ ‘ಮೋರ್’ ಅನ್ನೇ ಕೇಳುತ್ತವೆ. ‘ನಿನ್ನೆಗಿಂತ ಇವತ್ತು ಹೆಚ್ಚು ದಣಿದಿದ್ದೇನೆ’ ಎನ್ನಲು ‘ಐ ಆಮ್ ಮೋರ್ ಟೈರ್ಡ್ ಟುಡೇ ದ್ಯಾನ್ ಯೆಸ್ಟರ್‌ಡೇ’ ಎಂದೇ ಹೇಳಬೇಕು.

ಬರೆಯುವಾಗಿನ ಕಾಗುಣಿತ ಹೆಚ್ಚು ತೊಡಕಿನದಲ್ಲ. ಬಿಗ್, ಹಾಟ್, ಥಿನ್, ಫ್ಯಾಟ್ ಇವುಗಳಂತೆ ಒಂದೇ ಸ್ವರಾಕ್ಷರದ ಬಳಿಕ ಒಂದೇ ವ್ಯಂಜನಾಕ್ಷರದಲ್ಲಿ ಮುಗಿದರೆ ಆ ಕೊನೆಯ ಅಕ್ಷರ ಎರಡಾಗುತ್ತದೆ, ಬಿಗ್ಗರ್‌ನಲ್ಲಿ ಎರಡು ಜಿ ಬರೆಯುತ್ತೇವೆ. ಈಸಿ, ಹ್ಯಾಪಿಯ ಕೊನೆಯ ವೈ ಹೋಗಿ ಐ ಬರುತ್ತದೆ. ಲಾರ್ಜ್, ನೈಸ್ ಎಂಬಂತೆ ಮೊದಲೇ ಇ ಇದ್ದರೆ ಬರೀ ಆರ್ ಸೇರಿಸಿದರೆ ಸಾಕು.

ಎಲ್ಲರಿಗಿಂತ ಎತ್ತರ

ಎಲ್ಲಕ್ಕಿಂತ ಮೇಲಿನದನ್ನು ಹೇಳುವಾಗ ‘ಅರ್’ ಇದ್ದ ಕಡೆ ‘ಎಸ್ಟ್’, ‘ಮೋರ್’ ಇದ್ದ ಕಡೆ ‘ಮೋಸ್ಟ್’, ಮತ್ತು ಹಿಂದೆ ‘ದ’. ‘ದ ಟಾಲೆಸ್ಟ್’, ‘ದ ಮೋಸ್ಟ್ ಬ್ಯೂಟಿಫುಲ್’. ಈ ‘ದ’ ನಮ್ಮಲ್ಲಿಲ್ಲದ ಗುರುತು, ಆದ್ದರಿಂದ ಇದೂ ಬಿಟ್ಟುಹೋಗುವುದು ಹೆಚ್ಚು.

ಇಲ್ಲಿ ‘ಗಿಂತ’ ಮತ್ತೆ ತೊಡಕು ಮಾಡುತ್ತದೆ. ನಾವು ಎರಡರ ಹೋಲಿಕೆಗೂ ‘ಗಿಂತ’ ಎನ್ನುತ್ತೇವೆ, ಎಲ್ಲರ ಹೋಲಿಕೆಗೂ ‘ಗಿಂತ’ವೇ. ಹೀಗಾಗಿ ‘ಎಲ್ಲಕ್ಕಿಂತ ಎತ್ತರ’ ಎಂಬುದು ‘ಟಾಲೆಸ್ಟ್ ದ್ಯಾನ್ ಆಲ್’ ಆಗಿಬಿಡುತ್ತದೆ. ‘ಎಸ್ಟ್’ ಬಂದ ವಾಕ್ಯದಲ್ಲಿ ‘ದ್ಯಾನ್’ಗೆ ಜಾಗವೇ ಇಲ್ಲ. ಅಲ್ಲಿ ಬರಬೇಕಾದದ್ದು ‘ಗಿಂತ’ದ ಬದಲು ‘ಅಲ್ಲಿ’ ಎಂಬ ಅರ್ಥದ ಪದ. ಆದ್ದರಿಂದ ಮನಸ್ಸಿನಲ್ಲಿ ‘ಎಲ್ಲಕ್ಕಿಂತ’ ಎಂದು ಬಂದಾಗ ಅದನ್ನು ‘ನಾಲ್ಕರಲ್ಲಿ’, ‘ರಾಜ್ಯದಲ್ಲಿ’ ಎಂದು ಮೊದಲು ಕನ್ನಡದಲ್ಲೇ ಬದಲಿಸಿಕೊಳ್ಳಿ. ‘ನಾಲ್ಕರಲ್ಲಿ’ ಎಂಬಂತೆ ಗುಂಪನ್ನು ಹೇಳಿದರೆ ‘ಆಫ್’, ‘ರಾಜ್ಯದಲ್ಲಿ’ ಎಂಬಂತೆ ಜಾಗವನ್ನು ಹೇಳಿದರೆ ‘ಇನ್’. ‘ದ ಬೆಳಗೊಳ ಸ್ಟ್ಯಾಚ್ಯೂ ಈಸ್ ದ ಟಾಲೆಸ್ಟ್ ಆಫ್ ದ ಫೋರ್.’ ‘ಬೆಳಗಾವಿ ಈಸ್ ದ ಲಾರ್ಜೆಸ್ಟ್ ಡಿಸ್ಟ್ರಿಕ್ಟ್ ಇನ್ ಕರ್ನಾಟಕ.’ ವಿಸ್ತೀರ್ಣದಲ್ಲಿ ಬೆಳಗಾವಿಯೇ ನಮ್ಮ ದೊಡ್ಡ ಜಿಲ್ಲೆ, 13,000 ಚದರ ಕಿಲೋಮೀಟರ್ ದಾಟುತ್ತದೆ.

ಅದೇ ಸಂಗತಿಯನ್ನು ‘ದ್ಯಾನ್’ ಹಾಕಿಯೂ ಹೇಳಬಹುದು, ಆದರೆ ಆಗ ‘ಅದರ್’ ಎಂಬ ಪದ ಬಿಡಬಾರದು: ‘ಬೆಳಗಾವಿ ಈಸ್ ಲಾರ್ಜರ್ ದ್ಯಾನ್ ಎನಿ ಅದರ್ ಡಿಸ್ಟ್ರಿಕ್ಟ್ ಇನ್ ಕರ್ನಾಟಕ.’ ‘ಅದರ್’ ಇಲ್ಲದಿದ್ದರೆ ಬೆಳಗಾವಿಯೂ ಆ ಜಿಲ್ಲೆಗಳಲ್ಲಿ ಒಂದಾಗಿ, ಬೆಳಗಾವಿ ಬೆಳಗಾವಿಗಿಂತ ದೊಡ್ಡದು ಎಂದಂತಾಗುತ್ತದೆ. ಕನ್ನಡದಲ್ಲೂ ಎಚ್ಚರದಿಂದ ಬರೆಯುವವರು ‘ಬೇರೆ ಯಾವ ಜಿಲ್ಲೆಗಿಂತಲೂ’ ಎಂದೇ ಬರೆಯುತ್ತಾರೆ.

ಅತಿ ದೊಡ್ಡದು ಇದೇ ಎಂದು ಖಚಿತವಾಗಿ ಹೇಳಲಾಗದ ಕಡೆ ‘ಅತಿ ದೊಡ್ಡವುಗಳಲ್ಲಿ ಒಂದು’ ಎನ್ನುತ್ತೇವೆ. ವಿಜಯಪುರದ ಗೋಳಗುಮ್ಮಟದ ಗುಮ್ಮಟಕ್ಕೆ ಈ ಮಾತು ಸಲ್ಲುತ್ತದೆ: ‘ಇಟ್ ಈಸ್ ವನ್ ಆಫ್ ದ ಲಾರ್ಜೆಸ್ಟ್ ಡೋಮ್ಸ್ ಇನ್ ದ ವರ್ಲ್ಡ್.’ ಇಲ್ಲಿ ಕೊನೆಯ ಪದ ‘ಡೋಮ್ಸ್’, ಬಹುವಚನ. ‘ಒಂದು’ ಎಂಬ ಮಾತು ಮೊದಲೇ ಬಂದುಬಿಟ್ಟಿರುವುದರಿಂದ ‘ಡೋಮ್’ ಎಂದು ನಿಲ್ಲಿಸುವ ತಪ್ಪು ವರ್ಷಗಟ್ಟಲೆ ಇಂಗ್ಲಿಷ್ ಬಳಸಿದವರ ಬರಹದಲ್ಲೂ ಕಾಣುತ್ತದೆ. ‘ದೊಡ್ಡವುಗಳಲ್ಲಿ’ ಎಂಬ ಕನ್ನಡದ ಬಹುವಚನವನ್ನು ಕಿವಿಯಲ್ಲಿ ಇಟ್ಟುಕೊಂಡರೆ ಅದು ಆಗುವುದಿಲ್ಲ.

ದಾರಿ ತಪ್ಪಿದ ಐದು ಪದಗಳು

‘ಗುಡರ್’, ‘ಬ್ಯಾಡರ್’ ಎಂದು ಏಕೆ ಹೇಳಬಾರದು? ನಿಯಮದ ಪ್ರಕಾರ ಹಾಗೇ ಆಗಬೇಕಿತ್ತು. ಆದರೆ ದಿನವೂ ಬಾಯಿಗೆ ಬರುವ ಐದಾರು ಪದಗಳು ನಿಯಮ ಬಿಟ್ಟು ನಡೆಯುತ್ತವೆ. ಗುಡ್, ಬೆಟರ್, ಬೆಸ್ಟ್. ಬ್ಯಾಡ್, ವರ್ಸ್, ವರ್ಸ್ಟ್. ಮಚ್ ಮತ್ತು ಮೆನಿ ಎರಡಕ್ಕೂ ಮೋರ್, ಮೋಸ್ಟ್. ಲಿಟ್ಲ್, ಲೆಸ್, ಲೀಸ್ಟ್. ಫಾರ್, ಫಾರ್ದರ್ ಇಲ್ಲವೇ ಫರ್ದರ್, ಫಾರ್ದೆಸ್ಟ್ ಇಲ್ಲವೇ ಫರ್ದೆಸ್ಟ್.

ಇವು ಹೀಗಾದದ್ದಕ್ಕೆ ಕಾರಣ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೇ ‘ಗುಡ್’ ಒಂದು ಬೇರಿನಿಂದ, ‘ಬೆಟರ್’ ಇನ್ನೊಂದು ಬೇರಿನಿಂದ ಬಂದಿದ್ದವು. ಎರಡು ಮನೆತನದ ಪದಗಳು ಒಂದೇ ಪಂಕ್ತಿಯಲ್ಲಿ ಕುಳಿತವು, ಅಷ್ಟೆ. ‘ವರ್ಸ್’ ಆಗ ‘ಈವಿಲ್’ನ ಮುಂದಿನ ಮೆಟ್ಟಿಲಾಗಿತ್ತು. ಆಮೇಲೆ ‘ಬ್ಯಾಡ್’ ಎಂಬ ಹೊಸ ಪದ ಬಂದು ‘ಈವಿಲ್’ನ ಜಾಗ ಹಿಡಿದಾಗ ‘ವರ್ಸ್’ ಅದರ ಪಾಲಾಯಿತು. ನಡುವೆ ‘ಬ್ಯಾಡರ್’ ಕೂಡ ಕೆಲವು ಶತಮಾನ ಬಳಕೆಯಲ್ಲಿತ್ತು, ಉಳಿಯಲಿಲ್ಲ. ಅಪರೂಪದ ಪದಗಳು ನಿಯಮಕ್ಕೆ ಬಗ್ಗುತ್ತವೆ. ಮಕ್ಕಳಾಗಿದ್ದಾಗಿನಿಂದ ದಿನಕ್ಕೆ ಹತ್ತಾರು ಸಲ ಕೇಳುವ ಪದಗಳು ತಮ್ಮ ಹಳೆಯ ರೂಪವನ್ನೇ ಕಾಪಾಡಿಕೊಳ್ಳುತ್ತವೆ.

ಇದು ನಮಗೆ ಹೊಸ ಸಂಗತಿಯಲ್ಲ. ಪತ್ರಿಕೆಯ ಹವಾಮಾನದ ಅಂಕಣದಲ್ಲಿ ಗರಿಷ್ಠ, ಕನಿಷ್ಠ ಎಂದು ಓದುತ್ತೇವೆ. ಶ್ರೇಷ್ಠ, ಜ್ಯೇಷ್ಠ ಎನ್ನುತ್ತೇವೆ. ಇವು ಸಂಸ್ಕೃತದಿಂದ ಬಂದ ‘ಎಲ್ಲಕ್ಕಿಂತ’ ರೂಪಗಳು. ‘ವೃದ್ಧ’ ಎಂಬುದಕ್ಕೆ ಇಷ್ಠ ಸೇರಿದರೆ ಮೂಲಪದವೇ ಬದಲಾಗಿ ‘ಜ್ಯೇಷ್ಠ’ ಆಗುತ್ತದೆ ಎಂದು ಪಾಣಿನಿ ತನ್ನ ಅಷ್ಟಾಧ್ಯಾಯಿಯಲ್ಲಿ ಸೂತ್ರವನ್ನೇ ಬರೆದಿದ್ದಾನೆ. ‘ಗುಡ್’ ಹೋಗಿ ‘ಬೆಸ್ಟ್’ ಬರುವುದೂ ಇಂಥದೇ. ಅಷ್ಟೇ ಅಲ್ಲ, ಈ ‘ಇಷ್ಠ’ ಮತ್ತು ಇಂಗ್ಲಿಷಿನ ‘ಎಸ್ಟ್’ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದ ಪ್ರತ್ಯಯಗಳು. ಜ್ಯೇಷ್ಠ ಎಂದಾಗಲೂ ಓಲ್ಡೆಸ್ಟ್ ಎಂದಾಗಲೂ ಕೊನೆಯಲ್ಲಿ ಕೇಳಿಸುವುದು ಒಂದೇ ಬಾಲ. ಆದರೆ ಕನ್ನಡದಲ್ಲಿ ‘ಶ್ರೇಷ್ಠ’ದ ಹಿಂದೆ ಮತ್ತೆ ‘ಅತ್ಯಂತ’ ಸೇರಿಸಿ ‘ಅತ್ಯಂತ ಶ್ರೇಷ್ಠ’ ಎನ್ನುವುದು ರೂಢಿಯಾಗಿದೆ, ಯಾರಿಗೂ ಅದು ತಪ್ಪೆನಿಸುವುದಿಲ್ಲ. ಆ ಅಭ್ಯಾಸವೇ ಇಂಗ್ಲಿಷಿನಲ್ಲಿ ‘ಮೋಸ್ಟ್ ಬೆಸ್ಟ್’, ‘ಮೋರ್ ಬೆಟರ್’ ಎಂದು ಹೇಳಿಸುತ್ತದೆ. ಬೆಟರ್, ವರ್ಸ್, ಬೆಸ್ಟ್, ವರ್ಸ್ಟ್ ಇವುಗಳ ಒಳಗೇ ಹೋಲಿಕೆ ಇದೆ, ಹಿಂದೆ ಇನ್ನೇನೂ ಬೇಡ. ‘ತುಂಬಾ ವಾಸಿ’ ಎನ್ನಬೇಕಾದರೆ ‘ಮಚ್ ಬೆಟರ್’.

ಜ್ವರ ಬಿಟ್ಟವರನ್ನು ಕೇಳಿದಾಗ ಬರುವ ‘ಈಗ ವಾಸಿ’ ಎಂಬ ಉತ್ತರವೂ ‘ಬೆಟರ್’ ಎಂದೇ. ಚೆನ್ನಾಗಿ ಎಂಬ ಅರ್ಥದ ‘ವೆಲ್’ಗೂ ಮುಂದಿನ ರೂಪ ‘ಬೆಟರ್’: ‘ಶಿ ಸಿಂಗ್ಸ್ ಬೆಟರ್ ದ್ಯಾನ್ ಮಿ.’

‘ಕಡಿಮೆ’ ಎಂಬ ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಬಾಗಿಲು. ಎಣಿಸಲಾಗದ ನೀರು, ಹಾಲು, ಸಮಯಕ್ಕೆ ‘ಲೆಸ್’. ಎಣಿಸಬಹುದಾದ ಜನ, ಬಸ್ಸು, ಪುಸ್ತಕಕ್ಕೆ ‘ಫ್ಯೂವರ್’: ‘ಫ್ಯೂವರ್ ಬಸಸ್.’ ಗುಣ ಕಡಿಮೆ ಎನ್ನುವಾಗ ಉದ್ದ ಪದಕ್ಕೆ ‘ಲೆಸ್’ ಹೊಂದುತ್ತದೆ: ‘ಲೆಸ್ ಎಕ್ಸ್‌ಪೆನ್ಸಿವ್.’ ಚಿಕ್ಕ ಪದಕ್ಕೆ ವಿರುದ್ಧ ಪದ ಹುಡುಕಿಕೊಳ್ಳುವುದೇ ಸರಿ, ‘ಲೆಸ್ ಟಾಲ್’ ಎನ್ನುವ ಬದಲು ‘ಷಾರ್ಟರ್’.

ಜನರ ಬಗ್ಗೆ ಮಾತಾಡುವಾಗ ‘ಎಲ್ಡರ್’ ಎಂಬ ಪದ ಅಡ್ಡ ಬರುತ್ತದೆ. ಅಣ್ಣ, ಅಕ್ಕ ಎನ್ನಲು ‘ಎಲ್ಡರ್ ಬ್ರದರ್’, ‘ಎಲ್ಡರ್ ಸಿಸ್ಟರ್’ ಸರಿ. ಅದರ ಮುಂದೆ ‘ದ್ಯಾನ್’ ಮಾತ್ರ ಬರುವುದಿಲ್ಲ. ‘ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು’ ಎಂದರೆ ‘ಮೈ ಬ್ರದರ್ ಈಸ್ ತ್ರೀ ಇಯರ್ಸ್ ಓಲ್ಡರ್ ದ್ಯಾನ್ ಮಿ’. ‘ದೊಡ್ಡವನು’ ಎಂಬುದನ್ನು ‘ಬಿಗ್ಗರ್’ ಎಂದರೆ ಮೈಕಟ್ಟಿನ ಮಾತಾಗುತ್ತದೆ. ಆಫೀಸಿನಲ್ಲಿ ಬಳಸುವ ಸೀನಿಯರ್, ಜೂನಿಯರ್ ಇವೆರಡಕ್ಕೂ ‘ದ್ಯಾನ್’ ಸಲ್ಲದು, ‘ಟು’ ಬೇಕು: ‘ಶಿ ಈಸ್ ಸೀನಿಯರ್ ಟು ಮಿ.’ ಇವು ಲ್ಯಾಟಿನಿನಿಂದ ಹೋಲಿಕೆಯ ರೂಪದಲ್ಲೇ ಬಂದ ಪದಗಳು, ಇಂಗ್ಲಿಷಿನ ‘ಅರ್’ ಮತ್ತು ‘ಮೋರ್’ ಎರಡೂ ಇವಕ್ಕೆ ಬೇಡ.

ಮೂರು ಮನೆಗಳ ವರ್ಣನೆ

ಈಗ ಇದನ್ನೆಲ್ಲ ಒಂದೇ ಕಡೆ ಬಳಸೋಣ. ಬಾಡಿಗೆಗೆ ಮೂರು ಮನೆ ನೋಡಿ ಬಂದವರು ಕನ್ನಡ ಬಾರದ ಸಹೋದ್ಯೋಗಿಗೆ ಅವನ್ನು ವರ್ಣಿಸಬೇಕು ಎಂದುಕೊಳ್ಳಿ. ಮನಸ್ಸಿನಲ್ಲಿರುವ ಕನ್ನಡ ಹೀಗಿದೆ: ‘ಮೊದಲನೇ ಮನೆ ದೊಡ್ಡದು, ಆದರೆ ಬಾಡಿಗೆ ಜಾಸ್ತಿ. ಎರಡನೆಯದು ಆಫೀಸಿಗೆ ದೂರ, ಗಾಳಿ ಬೆಳಕು ಮಾತ್ರ ಚೆನ್ನಾಗಿದೆ. ಮೂರನೆಯದರಲ್ಲಿ ನೀರಿನ ತಾಪತ್ರಯ ಜಾಸ್ತಿ, ಆದರೆ ಮಾಲೀಕರು ಎಲ್ಲರಿಗಿಂತ ಒಳ್ಳೆಯವರು.’

ಇಡೀ ಮಾತಿನಲ್ಲಿ ‘ಗಿಂತ’ ಬಂದದ್ದು ಒಮ್ಮೆ ಮಾತ್ರ. ಹಾಗಿದ್ದರೂ ಪ್ರತಿಯೊಂದೂ ಹೋಲಿಕೆಯೇ. ಪದ ಪದಕ್ಕೆ ಇಟ್ಟರೆ ‘ದ ಫಸ್ಟ್ ಹೌಸ್ ಈಸ್ ಬಿಗ್, ಬಟ್ ರೆಂಟ್ ಈಸ್ ಮೋರ್’ ಎಂದಾಗುತ್ತದೆ. ‘ಈಸ್ ಬಿಗ್’ ಎಂದರೆ ಮನೆ ಸ್ವತಃ ದೊಡ್ಡದು ಎಂದಾಯಿತು, ಉಳಿದೆರಡರ ಮುಂದೆ ದೊಡ್ಡದು ಎಂಬ ಅರ್ಥ ಹೋಯಿತು. ಮೂರು ಮನೆಗಳಿರುವುದರಿಂದ ‘ದ ಫಸ್ಟ್ ಹೌಸ್ ಈಸ್ ದ ಬಿಗ್ಗೆಸ್ಟ್’. ಬಾಡಿಗೆ ‘ಮೋರ್’ ಎಂದರೂ ಅರ್ಥವಾಗುತ್ತದೆ, ಆದರೆ ಬಾಡಿಗೆ, ಸಂಬಳ, ಬೆಲೆ ಇವು ಇಂಗ್ಲಿಷಿನಲ್ಲಿ ಏರಿಳಿಯುವ ವಸ್ತುಗಳು: ‘ಬಟ್ ದ ರೆಂಟ್ ಈಸ್ ಆಲ್ಸೋ ದ ಹೈಯೆಸ್ಟ್.’

ಎರಡನೇ ಮನೆ ಆಫೀಸಿಗೆ ದೂರ. ಕನ್ನಡದಲ್ಲಿ ‘ಆಫೀಸಿಗೆ’, ಇಂಗ್ಲಿಷಿನಲ್ಲಿ ‘ಆಫೀಸಿನಿಂದ’: ‘ದ ಸೆಕೆಂಡ್ ವನ್ ಈಸ್ ಫಾರ್ದರ್ ಫ್ರಮ್ ದ ಆಫೀಸ್.’ ಅಮೆರಿಕದಲ್ಲಿ ನೆಲದ ದೂರಕ್ಕೆ ‘ಫಾರ್ದರ್’ ಎಂದು ಬೇರ್ಪಡಿಸುವವರು ಹೆಚ್ಚು, ಬ್ರಿಟನ್ನಿನಲ್ಲಿ ‘ಫರ್ದರ್’ ಎರಡೂ ಅರ್ಥಕ್ಕೆ ನಡೆಯುತ್ತದೆ. ಇನ್ನೂ ಹೆಚ್ಚಿನ ವಿವರ ಎಂಬ ಅರ್ಥದಲ್ಲಿ ಮಾತ್ರ ಎಲ್ಲೆಡೆಯೂ ‘ಫರ್ದರ್’. ‘ಗಾಳಿ ಬೆಳಕು ಚೆನ್ನಾಗಿದೆ’ ಎನ್ನಲು ‘ಬಟ್ ಇಟ್ ಗೆಟ್ಸ್ ಬೆಟರ್ ಲೈಟ್ ಆಂಡ್ ಏರ್’.

ಮೂರನೆಯದರ ನೀರಿನ ತಾಪತ್ರಯ ‘ಜಾಸ್ತಿ’ ಎಂದದ್ದು ಅಳತೆಯಲ್ಲಿ ಜಾಸ್ತಿ ಎಂದಲ್ಲ, ಕೆಟ್ಟದು ಎಂದು. ಆದ್ದರಿಂದ ‘ದ ವಾಟರ್ ಪ್ರಾಬ್ಲಮ್ ಈಸ್ ವರ್ಸ್ ಇನ್ ದ ಥರ್ಡ್ ಹೌಸ್’. ಮೂರು ಮನೆಗಳಲ್ಲೂ ನೀರಿನ ತೊಂದರೆ ಇದ್ದು ಇಲ್ಲಿ ಅತಿಯಾಗಿದ್ದರೆ ‘ವರ್ಸ್ಟ್’. ಬಾಯಲ್ಲಿ ಇವೆರಡರ ನಡುವೆ ಇರುವುದು ಕೊನೆಯ ‘ಟ್’ ಒಂದೇ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಮಾಲೀಕರು ‘ಒಳ್ಳೆಯವರು’ ಎಂದದ್ದಕ್ಕೆ ‘ಬೆಸ್ಟ್’ ಎನ್ನಬಹುದು, ಆದರೆ ಸ್ವಭಾವದ ಮಾತಾದ್ದರಿಂದ ‘ಕೈಂಡೆಸ್ಟ್’ ಹೆಚ್ಚು ಹೊಂದುತ್ತದೆ: ‘ಬಟ್ ಇಟ್ಸ್ ಓನರ್ ಈಸ್ ದ ಕೈಂಡೆಸ್ಟ್ ಆಫ್ ದ ತ್ರೀ.’

ಇಷ್ಟು ಕೇಳಿದ ಸಹೋದ್ಯೋಗಿ ಎರಡನೇ ಮನೆಯ ಬಾಡಿಗೆ ಕೇಳಬಹುದು. ‘ಎರಡನೇ ಮನೆಯ ಬಾಡಿಗೆ ಮೊದಲನೆಯದಕ್ಕಿಂತ ಕಡಿಮೆ.’ ಇಲ್ಲಿ ‘ಮೊದಲನೆಯದಕ್ಕಿಂತ’ ಎಂದರೆ ಮೊದಲನೇ ಮನೆಯ ಬಾಡಿಗೆಗಿಂತ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ‘ಲೋವರ್ ದ್ಯಾನ್ ದ ಫಸ್ಟ್ ಹೌಸ್’ ಎಂದರೆ ಬಾಡಿಗೆಯನ್ನು ಮನೆಯೊಂದಿಗೆ ಹೋಲಿಸಿದಂತಾಗುತ್ತದೆ. ಮಾತಿನಲ್ಲಿ ಇದನ್ನು ಯಾರೂ ಹಿಡಿದು ಕೇಳುವುದಿಲ್ಲ. ಬರೆಯುವಾಗ ಮಾತ್ರ ‘ದಟ್ ಆಫ್’ ಸೇರಿಸಿ ಬಾಡಿಗೆಯ ಎದುರು ಬಾಡಿಗೆಯನ್ನೇ ನಿಲ್ಲಿಸಬೇಕು: ‘ದ ರೆಂಟ್ ಆಫ್ ದ ಸೆಕೆಂಡ್ ಹೌಸ್ ಈಸ್ ಲೋವರ್ ದ್ಯಾನ್ ದಟ್ ಆಫ್ ದ ಫಸ್ಟ್.’